ಮುದ್ರಿತ ಕೈಪಿಡಿಯಲ್ಲಿ ಮೊಬೈಲ್ ಸಂಖ್ಯೆ: ದೇಶದ ಸಂಕೇತ, ತೆರಪು ಮತ್ತು ಅಡ್ಡಗೆರೆ

ಭೋಸರಿ, ಇಂದ್ರಾಯಣಿ ನಗರ, ದಿಘಿ, ಮೋಶಿ ಭಾಗಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ವಿಳಾಸ ಕೈಪಿಡಿಯನ್ನು ಸಿದ್ಧಪಡಿಸಲು ಹೊರಟವರಿಗೆ ಹೆಸರು ಮತ್ತು ವಿಳಾಸಗಳಿಗಿಂತ ಹೆಚ್ಚಿನ ತೊಂದರೆ ಕೊಡುವುದು ದೂರವಾಣಿ ಸಂಖ್ಯೆಗಳೇ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಓದುವವರು ಊಹಿಸಿಕೊಳ್ಳಬಲ್ಲರು. ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೆ ಕರೆಯು ಅಪರಿಚಿತರೊಬ್ಬರಿಗೆ ಹೋಗುತ್ತದೆ. ಕೈಪಿಡಿಯ ಮುಂದಿನ ಆವೃತ್ತಿ ಬರುವವರೆಗೆ ಹೋಗುತ್ತಲೇ ಇರುತ್ತದೆ. ಬ್ಯಾಂಕುಗಳ ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡಿನ ಸಂಖ್ಯೆಯಲ್ಲಿ ಕೊನೆಯ ಅಂಕಿಯು ಉಳಿದ ಅಂಕಿಗಳಿಂದ ಲೆಕ್ಕ ಹಾಕಿ ಬಂದದ್ದಾದುದರಿಂದ ಒಂದು ಅಂಕಿ ತಪ್ಪಾದೊಡನೆ ಗಣಕಯಂತ್ರವು ಅದನ್ನು ಹಿಡಿಯುತ್ತದೆ. ಮೊಬೈಲ್ ಸಂಖ್ಯೆಯಲ್ಲಿ ಅಂತಹ ತಾಳೆಯ ಅಂಕಿ ಇಲ್ಲ. ಆದ್ದರಿಂದ ಅದನ್ನು ಬರೆಯುವ ರೀತಿಯೇ ತಪ್ಪನ್ನು ಎತ್ತಿ ತೋರಿಸುವಂತಿರಬೇಕು.

ನಮ್ಮವರು ಭರ್ತಿ ಮಾಡಿ ಕೊಡುವ ನಮೂನೆಗಳಲ್ಲಿ ಒಂದೇ ಸಂಖ್ಯೆ ಎಷ್ಟು ವೇಷಗಳಲ್ಲಿ ಬರುತ್ತದೆಂಬುದನ್ನು ನೋಡಬೇಕು. ಉದಾಹರಣೆಗಾಗಿ ಕ್ರಮವಾಗಿ ಇಳಿಯುವ ಅಂಕಿಗಳ ಒಂದು ಸಂಖ್ಯೆಯನ್ನು ತೆಗೆದುಕೊಂಡರೆ, ಒಬ್ಬರು 9876543210 ಎಂದೂ, ಮತ್ತೊಬ್ಬರು 09876543210 ಎಂದೂ, ಇನ್ನೊಬ್ಬರು 919876543210 ಎಂದೂ, ಮಗದೊಬ್ಬರು +91-9876-543-210 ಎಂದೂ ಬರೆದಿರುತ್ತಾರೆ. ಮೊದಲಿನ ಸೊನ್ನೆಗೆ ಒಂದು ಚರಿತ್ರೆ ಇದೆ. ಹಿಂದೆ ಪುಣೆಯ ಸ್ಥಿರ ದೂರವಾಣಿಯಿಂದ ಕರ್ನಾಟಕದ ಮೊಬೈಲಿಗೆ ಕರೆ ಮಾಡಬೇಕಾದರೆ ಹೊರ ವಲಯವೆಂಬ ಕಾರಣಕ್ಕೆ ಸೊನ್ನೆ ಒತ್ತಬೇಕಿತ್ತು. ಊರಿನ ಸಂಖ್ಯೆಗಳನ್ನು ಹಾಗೆಯೇ ಬರೆದಿಟ್ಟುಕೊಳ್ಳುವ ರೂಢಿ ಹಿರಿಯರಲ್ಲಿ ಬೆಳೆಯಿತು. 2021ರ ಜನವರಿ 15ರಿಂದ ದೇಶದ ಯಾವುದೇ ಸ್ಥಿರ ದೂರವಾಣಿಯಿಂದ ಯಾವುದೇ ಮೊಬೈಲಿಗೆ ಕರೆ ಮಾಡುವಾಗಲೂ ಸೊನ್ನೆ ಕಡ್ಡಾಯವಾಗಿದೆ. ಆದರೂ ಈ ಸೊನ್ನೆ ಸಂಖ್ಯೆಯ ಭಾಗವಲ್ಲ, ಕರೆ ಮಾಡುವ ವಿಧಾನದ ಭಾಗ ಮಾತ್ರ. ಅದನ್ನು ಕೈಪಿಡಿಯಲ್ಲಿ ಮುದ್ರಿಸಬಾರದು. +91ರ ನಂತರವಂತೂ ಎಂದಿಗೂ ಬರಬಾರದು.

ಮುಂದಿರುವ + ಚಿಹ್ನೆಯ ಅರ್ಥವನ್ನೂ ಇಲ್ಲಿಯೇ ಹೇಳಿಬಿಡಬಹುದು. ದೇಶದಿಂದ ಹೊರಕ್ಕೆ ಕರೆ ಮಾಡಲು ಒತ್ತಬೇಕಾದ ಅಂಕಿಗಳು ದೇಶದಿಂದ ದೇಶಕ್ಕೆ ಬೇರೆ. ಭಾರತದಿಂದ 00, ಅಮೆರಿಕದಿಂದ 011, ಆಸ್ಟ್ರೇಲಿಯದಿಂದ 0011. ‘ನೀವು ಇರುವ ದೇಶದ ಹೊರಕರೆ ಸಂಕೇತವನ್ನು ಇಲ್ಲಿ ಒತ್ತಿರಿ’ ಎಂಬುದಕ್ಕೆ + ಚಿಹ್ನೆ ಬಂದಿದೆ. ಮೊಬೈಲಿನಲ್ಲಿ + ಒತ್ತಿದರೆ ಜಾಲವೇ ಅದನ್ನು ಸರಿಪಡಿಸಿಕೊಳ್ಳುತ್ತದೆ. ಹೀಗಾಗಿ +91 ಸಹಿತವಾದ ಸಂಖ್ಯೆ ಭೋಸರಿಯಿಂದಲೂ, ಹುಬ್ಬಳ್ಳಿಯಿಂದಲೂ, ಸ್ಯಾನ್ ಹೋಸೆಯಲ್ಲಿರುವ ಮಗನ ಮೊಬೈಲಿನಿಂದಲೂ ಒಂದೇ ರೀತಿಯಲ್ಲಿ ನಡೆಯುತ್ತದೆ. ಕೈಪಿಡಿಯ ಪ್ರತಿ ಸಾಲಿನಲ್ಲಿಯೂ +91 ಬೇಕೇ ಎಂದು ಕೆಲವರು ಕೇಳುವುದುಂಟು. ಎಲ್ಲರೂ ಇಲ್ಲಿಯವರೇ ಆಗಿದ್ದರೆ ಪುಟದ ತಲೆಯಲ್ಲಿ ಒಮ್ಮೆ ಹೇಳಿದರೆ ಸಾಕು, ಸಾಲಿಗೆ ನಾಲ್ಕು ಅಕ್ಷರಗಳ ಜಾಗವೂ ಉಳಿಯುತ್ತದೆ. ಆದರೆ ಈಗ ಎರಡು ಮನೆಗಳಲ್ಲಿ ಒಂದು ಮನೆಯ ಮಕ್ಕಳಾದರೂ ಪರದೇಶದಲ್ಲಿದ್ದಾರೆಂಬಂತಹ ಸಮಾಜ ನಮ್ಮದು. ಭಾರತದ ಮತ್ತು ಹೊರದೇಶದ ಸಂಖ್ಯೆಗಳು ಒಂದೇ ಪುಟದಲ್ಲಿ ಬೆರೆಯುವಾಗ ಎಲ್ಲಕ್ಕೂ ದೇಶದ ಸಂಕೇತವನ್ನು ಹಾಕುವುದೇ ಮೇಲೆಂದು ನನ್ನ ಅಭಿಪ್ರಾಯ.

ಇನ್ನು ಹತ್ತು ಅಂಕಿಗಳನ್ನು ಎಲ್ಲಿ ಒಡೆಯಬೇಕು? ಆರಂಭದ ವರ್ಷಗಳಲ್ಲಿ ಮೊದಲ ನಾಲ್ಕು ಅಂಕಿಗಳಿಗೆ ಅರ್ಥವಿತ್ತು. 9845 ಎಂದರೆ ಕರ್ನಾಟಕದ ಏರ್‌ಟೆಲ್, 9448 ಎಂದರೆ ಕರ್ನಾಟಕದ ಬಿಎಸ್‌ಎನ್‌ಎಲ್, 9422 ಎಂದರೆ ಮಹಾರಾಷ್ಟ್ರದ ಬಿಎಸ್‌ಎನ್‌ಎಲ್ ಎಂದು ಕಂಡೊಡನೆ ಹೇಳಬಹುದಿತ್ತು. ನಾಲ್ಕು, ಮೂರು, ಮೂರು ಎಂದು ಒಡೆಯುವುದು ಆಗ ಸಮಂಜಸವೇ ಆಗಿತ್ತು. 2011ರ ಜನವರಿ 20ರಂದು ಸಂಖ್ಯೆಯನ್ನು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ದೇಶಾದ್ಯಂತ ಬಂದಿತು. 2015ರ ಜುಲೈ 3ರಿಂದ ಒಂದು ವಲಯದಿಂದ ಮತ್ತೊಂದು ವಲಯಕ್ಕೂ ಅದೇ ಸಂಖ್ಯೆಯನ್ನು ಒಯ್ಯಬಹುದಾಯಿತು. ಧಾರವಾಡದಲ್ಲಿ ಪಡೆದ 9448ರ ಸಂಖ್ಯೆ ಇಂದು ಭೋಸರಿಯಲ್ಲಿ ಬೇರೊಂದು ಕಂಪನಿಯ ಅಡಿಯಲ್ಲಿ ನಡೆಯುತ್ತಿರಬಹುದು. ಮೊದಲ ನಾಲ್ಕು ಅಂಕಿಗಳು ಏನನ್ನೂ ಖಚಿತವಾಗಿ ಹೇಳದಿರುವಾಗ ಅವುಗಳನ್ನು ಬೇರ್ಪಡಿಸಿ ತೋರಿಸುವ ಕಾರಣವೂ ಉಳಿದಿಲ್ಲ.

ಈಗ ಉಳಿದಿರುವುದು ಓದುವವರ ಅನುಕೂಲ. ಐದು ಮತ್ತು ಐದು ಎಂದು ಒಡೆದರೆ ಒಂದು ಲಾಭವಿದೆ: ಎರಡೂ ಗುಂಪುಗಳು ಒಂದೇ ಉದ್ದದವು. ಒಂದು ಅಂಕಿ ಬಿಟ್ಟುಹೋದರೆ ಅಥವಾ ಹೆಚ್ಚಾದರೆ ಆ ಸಾಲು ಮೇಲಿನ ಮತ್ತು ಕೆಳಗಿನ ಸಾಲುಗಳಿಗೆ ಹೊಂದದೆ ಕಣ್ಣಿಗೆ ಹೊಡೆಯುತ್ತದೆ. ಬಹುತೇಕ ಮೊಬೈಲುಗಳೂ ಭಾರತದ ಸಂಖ್ಯೆಯನ್ನು ಹೀಗೆಯೇ ತೋರಿಸುವುದರಿಂದ, ಪುಸ್ತಕ ನೋಡಿ ಒತ್ತುವವರು ಪುಟವನ್ನೂ ಪರದೆಯನ್ನೂ ಗುಂಪು ಗುಂಪಾಗಿ ತಾಳೆ ನೋಡಬಹುದು. ಆದ್ದರಿಂದ ಮುದ್ರಣಕ್ಕೆ ಒಪ್ಪುವ ರೂಪ ಇದು: +91 98765 43210.

ಇಲ್ಲಿ ಅಡ್ಡಗೆರೆ ಏಕಿಲ್ಲವೆಂಬುದಕ್ಕೆ ಎರಡು ಕಾರಣಗಳುಂಟು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಇ.123 ಎಂಬ ಶಿಫಾರಸು ದೇಶದ ಸಂಕೇತವಿರುವ ಸಂಖ್ಯೆಗಳಲ್ಲಿ ಗುಂಪುಗಳ ನಡುವೆ ತೆರಪನ್ನೇ ಬಳಸಬೇಕೆನ್ನುತ್ತದೆ. ಬೇರೆ ಚಿಹ್ನೆಗೆ ಅವಕಾಶವಿರುವುದು ಆಯಾ ದೇಶದ ಒಳಗಿನ ಅಗತ್ಯಕ್ಕೆ ಮಾತ್ರ. ಎರಡನೆಯ ಕಾರಣ ನಮ್ಮದೇ. ಪುಣೆಯ ಸ್ಥಿರ ದೂರವಾಣಿಯನ್ನು ನಾವು ರೂಢಿಯಂತೆ 020 ಎಂದು ಬರೆದು, ಅಡ್ಡಗೆರೆ ಹಾಕಿ, ಎಂಟು ಅಂಕಿಗಳನ್ನು ಬರೆಯುತ್ತೇವೆ. ಅಡ್ಡಗೆರೆಯನ್ನು ಸ್ಥಿರ ದೂರವಾಣಿಗೆ ಮೀಸಲಿಟ್ಟು ಮೊಬೈಲಿಗೆ ತೆರಪನ್ನು ಮಾತ್ರ ಬಳಸಿದರೆ, ಯಾವುದು ಮನೆಯ ಸಂಖ್ಯೆ, ಯಾವುದು ಕೈಯಲ್ಲಿರುವ ಸಂಖ್ಯೆ ಎಂಬುದು ಪ್ರತ್ಯೇಕ ವಿವರಣೆಯಿಲ್ಲದೆ ತಿಳಿಯುತ್ತದೆ.

ಗಣಕಯಂತ್ರದಲ್ಲಿ ಅಡ್ಡಗೆರೆ ಮಾಡುವ ಕಿತಾಪತಿ ಬೇರೆಯೇ ಇದೆ. ಎಕ್ಸೆಲ್ ಹಾಳೆಯ ಸಾಮಾನ್ಯ ಮನೆಯೊಂದರಲ್ಲಿ +91-98765-43210 ಎಂದು ಟೈಪ್ ಮಾಡಿದರೆ, ಮೊದಲಿನ + ಚಿಹ್ನೆಯಿಂದಾಗಿ ಎಕ್ಸೆಲ್ ಅದನ್ನು ಲೆಕ್ಕವೆಂದು ತಿಳಿದು 91ರಿಂದ ಉಳಿದೆರಡನ್ನೂ ಕಳೆದು -141884 ಎಂದು ತೋರಿಸುತ್ತದೆ. ಅಡ್ಡಗೆರೆಯಿಲ್ಲದೆ 919876543210 ಎಂದು ಬರೆದರೆ ಹನ್ನೆರಡು ಅಂಕಿಗಳಾದ್ದರಿಂದ 9.19877E+11 ಎಂದಾಗುತ್ತದೆ, ಮೊದಲಿಗೆ ಸೊನ್ನೆಯಿದ್ದರೆ ಅದು ಮಾಯವಾಗುತ್ತದೆ. ಇವೆಲ್ಲಕ್ಕೂ ಪರಿಹಾರ ಒಂದೇ: ಸಂಖ್ಯೆಗಳನ್ನು ತುಂಬುವ ಮೊದಲೇ ಆ ಕಂಬಸಾಲನ್ನು Text ಎಂದು ನಿಗದಿಪಡಿಸಬೇಕು. ತುಂಬಿದ ಮೇಲೆ ನಿಗದಿಪಡಿಸಿದರೆ ಕಳೆದ ಸೊನ್ನೆ ಮರಳಿ ಬರುವುದಿಲ್ಲ.

ಹೀಗೆ A ಕಂಬಸಾಲಿನಲ್ಲಿ ಬಂದದ್ದನ್ನು ಬಂದಂತೆ ತುಂಬಿ, B ಕಂಬಸಾಲಿನಲ್ಲಿ ತೆರಪು, ಅಡ್ಡಗೆರೆ ಮತ್ತು + ಚಿಹ್ನೆಗಳನ್ನು ತೆಗೆದು, C ಕಂಬಸಾಲಿನಲ್ಲಿ ಉದ್ದವನ್ನು ಎಣಿಸಬೇಕು.

```
B2: =SUBSTITUTE(SUBSTITUTE(SUBSTITUTE(A2," ",""),"-",""),"+","")
C2: =LEN(B2)
D2: ="+91 "&LEFT(RIGHT(B2,10),5)&" "&RIGHT(B2,5)
```

ಉದ್ದ 10 ಇದ್ದರೆ, ಅಥವಾ 11 ಇದ್ದು ಸೊನ್ನೆಯಿಂದ ಆರಂಭವಾದರೆ, ಅಥವಾ 12 ಇದ್ದು 91ರಿಂದ ಆರಂಭವಾದರೆ ಮಾತ್ರ D ಕಂಬಸಾಲಿನ ಉತ್ತರವನ್ನು ಪರಿಗಣಿಸಬಹುದು. ಕೊನೆಯ ಹತ್ತು ಅಂಕಿಗಳಲ್ಲಿ ಮೊದಲನೆಯದು 6, 7, 8 ಅಥವಾ 9 ಆಗಿರಲೇಬೇಕು, ಏಕೆಂದರೆ ಭಾರತದ ಮೊಬೈಲ್ ಸಂಖ್ಯೆಗಳು ಬೇರೆ ಅಂಕಿಯಿಂದ ಆರಂಭವಾಗುವುದಿಲ್ಲ. ಮೇಲೆ ಹೇಳಿದ ನಾಲ್ಕೂ ವೇಷಗಳು ಈ ಮೂರು ಸಾಲುಗಳಲ್ಲಿ ಒಂದೇ ರೂಪಕ್ಕೆ ಬರುತ್ತವೆ. ಮೊಬೈಲಿನಿಂದ ನಕಲು ಮಾಡಿ ಅಂಟಿಸಿದ ಸಂಖ್ಯೆಗಳಿಗೆ ಕೆಲವೊಮ್ಮೆ ಕಣ್ಣಿಗೆ ಕಾಣದ ಚಿಹ್ನೆಗಳು ಅಂಟಿಕೊಂಡು ಬರುತ್ತವೆ. ನೋಡಲು ಸರಿಯಾಗಿದ್ದೂ ಉದ್ದ 13 ಅಥವಾ 14 ಎಂದು ಬಂದರೆ ಇದೇ ಕಾರಣವಿರಬಹುದು. ಅಂತಹದನ್ನು ಅಳಿಸಿ ಕೈಯಿಂದಲೇ ಮತ್ತೆ ಟೈಪ್ ಮಾಡುವುದು ಸುಲಭ.

ಆದರೆ ಈ ಪರೀಕ್ಷೆಯನ್ನು ದಾಟಿಬಿಡುವ ಒಂದು ಬಗೆಯಿದೆ, ಮತ್ತು ಅದು ಕನ್ನಡಿಗರ ಕೈಪಿಡಿಗೇ ವಿಶೇಷವಾಗಿ ಅಂಟಿದ ತೊಡಕು. ಪುಣೆಯ ಸ್ಥಿರ ದೂರವಾಣಿಯ ಮುಂದಿನ ಸೊನ್ನೆ ತೆಗೆದರೆ ಉಳಿಯುವುದು 20ರಿಂದ ಆರಂಭವಾಗುವ ಹತ್ತು ಅಂಕಿಗಳು. 2ರಿಂದ ಆರಂಭವಾದದ್ದರಿಂದ ಅದು ಮೊಬೈಲಲ್ಲವೆಂದು ತಕ್ಷಣ ಗೊತ್ತಾಗುತ್ತದೆ. ಕರ್ನಾಟಕದ ಊರುಗಳ ಸಂಕೇತಗಳಾದರೋ 8ರಿಂದ ಆರಂಭವಾಗುತ್ತವೆ: ಬೆಂಗಳೂರು 080, ಮೈಸೂರು 0821, ಮಂಗಳೂರು 0824, ಬೆಳಗಾವಿ 0831, ಹುಬ್ಬಳ್ಳಿ ಧಾರವಾಡ 0836, ವಿಜಯಪುರ 08352, ಕಲಬುರಗಿ 08472. ಊರಿನ ಮನೆಯ ಸಂಖ್ಯೆಯೆಂದು ಒಬ್ಬರು 0836-2345678 ಎಂದು ಬರೆದುಕೊಟ್ಟರೆಂದು ಭಾವಿಸೋಣ. ಅದರ ಉದ್ದ 11, ಆರಂಭ ಸೊನ್ನೆ, ಮುಂದಿನ ಅಂಕಿ 8. ಎಲ್ಲ ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗಿ ಅದು +91 83623 45678 ಎಂಬ ಸೊಗಸಾದ ಮೊಬೈಲ್ ಸಂಖ್ಯೆಯಾಗಿ ಮುದ್ರಣಕ್ಕೆ ಹೋಗುತ್ತದೆ. ಇದಕ್ಕೆ ಕರೆ ಮಾಡಿದರೆ ಕರೆಯೇನೋ ಹುಬ್ಬಳ್ಳಿಯ ಅದೇ ಮನೆಗೆ ಹೋಗುತ್ತದೆ. ಆದರೆ ಮೊಬೈಲೆಂದು ನಂಬಿ ಕಳುಹಿಸಿದ ಸಭೆಯ ಸಂದೇಶ ಮಾತ್ರ ಯಾರನ್ನೂ ತಲಪುವುದಿಲ್ಲ. ಇದನ್ನು ಸೂತ್ರದಿಂದ ಹಿಡಿಯಲಾಗದು. ನಮೂನೆಯಲ್ಲಿಯೇ ‘ಮೊಬೈಲ್’ ಮತ್ತು ‘ಸ್ಥಿರ ದೂರವಾಣಿ’ ಎಂದು ಎರಡು ಬೇರೆ ಕಂಬಸಾಲುಗಳನ್ನು ಕೊಡಬೇಕು. ಅನಂತರ 8ರಿಂದ ಆರಂಭವಾಗುವ ಮೊಬೈಲ್ ಸಂಖ್ಯೆಗಳನ್ನೆಲ್ಲ ಒಂದೆಡೆ ವಿಂಗಡಿಸಿ, 80, 821, 824, 831, 836 ಇತ್ಯಾದಿಗಳಿಂದ ಆರಂಭವಾದವುಗಳನ್ನು ಕುಟುಂಬದವರಲ್ಲಿಯೇ ವಿಚಾರಿಸಬೇಕು. ಇವುಗಳಲ್ಲಿ ಕೆಲವು ನಿಜವಾದ ಮೊಬೈಲ್ ಸಂಖ್ಯೆಗಳೂ ಇರಬಹುದಾದ್ದರಿಂದ ತಾವೇ ನಿರ್ಧರಿಸಿ ತಿದ್ದುವುದು ತರವಲ್ಲ.

ಹೊರದೇಶದ ಸಂಖ್ಯೆಗಳನ್ನಂತೂ ಮೇಲಿನ ಸೂತ್ರದ ಬಳಿಗೇ ಬಿಡಬಾರದು. ಬ್ರಿಟನ್ನಿನಲ್ಲಿ ನಾಟಕ, ಚಲನಚಿತ್ರಗಳ ಬಳಕೆಗೆಂದು ಕಾದಿರಿಸಿದ +44 7700 900123 ಎಂಬ ಸಂಖ್ಯೆಯ ಕೊನೆಯ ಹತ್ತು ಅಂಕಿಗಳನ್ನು ಕತ್ತರಿಸಿದರೆ 7700900123 ಬರುತ್ತದೆ, ಅಂದರೆ ಲಂಡನ್ನಿನಲ್ಲಿರುವ ಮಗಳು ಭಾರತದ ಯಾರದೋ ಸಂಖ್ಯೆಯಲ್ಲಿ ಕಾಣಿಸಿಕೊಳ್ಳುತ್ತಾಳೆ. ಅಲ್ಲಿಯೂ ದೇಶದೊಳಗೆ 07700 ಎಂದು ಸೊನ್ನೆಯೊಡನೆ ಬರೆಯುವ ಪದ್ಧತಿಯಿದ್ದು, +44ರ ನಂತರ ಆ ಸೊನ್ನೆ ಬಿದ್ದುಹೋಗುತ್ತದೆ. ಅಮೆರಿಕದ್ದನ್ನು ಮೂರು, ಮೂರು, ನಾಲ್ಕು ಎಂದು +1 408 555 0123ರಂತೆ ಬರೆಯುತ್ತಾರೆ. ಅವರವರ ದೇಶದ ಗುಂಪುಗಳನ್ನು ಉಳಿಸಿಕೊಳ್ಳಬೇಕು. ಎಲ್ಲವನ್ನೂ ಐದೈದಾಗಿ ಒಡೆಯುವ ಉತ್ಸಾಹ ಬೇಡ.

ಅಂಕಿಗಳ ಲಿಪಿಯ ವಿಷಯದಲ್ಲಿ ಕನ್ನಡಾಭಿಮಾನಿಗಳು ನನ್ನನ್ನು ಮನ್ನಿಸಬೇಕು. ಕನ್ನಡದ ೬ ಮತ್ತು ೯ ಸಣ್ಣ ಅಚ್ಚಿನಲ್ಲಿ ಒಂದನ್ನೊಂದು ಹೋಲುತ್ತವೆ, ಮರಾಠಿ ಶಾಲೆಯಲ್ಲಿ ಓದಿದ ಮಕ್ಕಳಿಗೆ ಅವು ಪರಿಚಿತವೂ ಅಲ್ಲ. ಕೈಬರಹದ ನಮೂನೆಗಳಲ್ಲಿ ಮರಾಠಿಯ ಒಂದು 9ರಂತೆ ಕಾಣುವುದೂ ಇದೆ. ಹೆಸರು, ವಿಳಾಸ ಕನ್ನಡದಲ್ಲಿರಲಿ. ದೂರವಾಣಿಗೆ 1, 2, 3 ಅಂಕಿಗಳೇ ಇರಲಿ.

ಪುಟ ಜೋಡಿಸುವಾಗ ಸಾಲಿನ ಕೊನೆಯಲ್ಲಿ ತೆರಪು ಸಿಕ್ಕಿದಲ್ಲಿ ಸಂಖ್ಯೆ ಎರಡಾಗಿ ಒಡೆದು ಉಳಿದ ಐದು ಅಂಕಿಗಳು ಕೆಳಗಿನ ಸಾಲಿಗೆ ಜಾರುತ್ತವೆ. ವರ್ಡ್‌ನಲ್ಲಿ Ctrl+Shift+Space ಒತ್ತಿ ಹಾಕಿದ ತೆರಪು ಹೀಗೆ ಒಡೆಯುವುದಿಲ್ಲ, ಅಡ್ಡಗೆರೆಗೆ Ctrl+Shift+Hyphen. ಒಂದೇ ಮನೆಯ ಎರಡು ಸಂಖ್ಯೆಗಳನ್ನು ಓರೆಗೆರೆ ಹಾಕಿ ಕೊನೆಯ ಎರಡು ಅಂಕಿಗಳಷ್ಟನ್ನೇ ಬರೆಯುವ ಹಳೆಯ ಜಿಪುಣತನವನ್ನು ಬಿಟ್ಟು, ಒಂದರ ಕೆಳಗೊಂದು ಪೂರ್ತಿಯಾಗಿ ಬರೆಯಬೇಕು.

ಇಷ್ಟಾದರೂ 43210ರ ಬದಲು 43120 ಎಂದಾಗಿದ್ದರೆ ಉದ್ದವೂ ಸರಿ, ಗುಂಪೂ ಸರಿ, ಸಂಖ್ಯೆ ಮಾತ್ರ ತಪ್ಪು. ಇದಕ್ಕೆ ಬ್ಯಾಂಕಿನ ಹಳೆಯ ಲೆಡ್ಜರ್ ಕ್ರಮವೇ ಸರಿ: ಒಬ್ಬರು ಮೂಲ ನಮೂನೆಯಿಂದ ಐದೈದು ಅಂಕಿಗಳಾಗಿ ಗಟ್ಟಿಯಾಗಿ ಓದಬೇಕು, ಮತ್ತೊಬ್ಬರು ಕರಡಚ್ಚಿನಲ್ಲಿ ಟಿಕ್ ಹಾಕುತ್ತಾ ಹೋಗಬೇಕು. ‘ಡಬಲ್’, ‘ಟ್ರಿಪಲ್’ ಎಂದು ಓದದೆ ಒಂದೊಂದೇ ಅಂಕಿಯನ್ನು ಹೇಳುವುದು ಒಳ್ಳೆಯದು, ಏಕೆಂದರೆ ಗುಂಪಿನ ಗಡಿಯಲ್ಲಿ ಎರಡು ಎಂಟುಗಳು ಬಂದರೆ ‘ಡಬಲ್ ಎಂಟು’ ಎಂಬುದು ತೆರಪನ್ನು ನುಂಗಿಬಿಡುತ್ತದೆ. ಕೊನೆಯದಾಗಿ, ಕರಡಚ್ಚನ್ನು ನೋಡಿಯೇ, ಹಾಳೆಯಿಂದಲ್ಲ, ಪ್ರತಿ ಸಂಖ್ಯೆಗೂ ಒಂದು ಕರೆ ಮಾಡಿ ಹೆಸರನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು. ಇನ್ನೂರು ಮನೆಗಳಿದ್ದರೆ ನಾಲ್ಕು ಜನ ಸ್ವಯಂಸೇವಕರಿಗೆ ತಲಾ ಐವತ್ತು ಕರೆಗಳು. ಎರಡು ಭಾನುವಾರಗಳ ಕೆಲಸ.