1918ರ ಜ್ವರ: ಸತ್ತವರ ಲೆಕ್ಕ ಹಾಕಿದ್ದು ಹೇಗೆ?

1918ರ ಇನ್‌ಫ್ಲುಯೆನ್ಜಾದಲ್ಲಿ ಭಾರತದಲ್ಲಿ ಎಷ್ಟು ಜನ ಸತ್ತರು? ಈ ಪ್ರಶ್ನೆಗೆ ಒಂದೊಂದು ಪುಸ್ತಕ ಒಂದೊಂದು ಉತ್ತರ ಕೊಡುತ್ತದೆ. 60 ಲಕ್ಷ ಎನ್ನುವವರಿದ್ದಾರೆ, ಒಂದೂ ಮುಕ್ಕಾಲು ಕೋಟಿಗೂ ಹೆಚ್ಚು ಎನ್ನುವವರಿದ್ದಾರೆ. ಇಷ್ಟೊಂದು ಅಂತರ ಏಕೆ ಎಂದು ತಿಳಿಯಬೇಕಾದರೆ ಅಂದಿನ ಮರಣ ದಾಖಲೆಗಳನ್ನು ನೋಡಬೇಕು.

ಬ್ರಿಟಿಷ್ ಪ್ರಾಂತ್ಯಗಳ ಹಳ್ಳಿಗಳಲ್ಲಿ ಸಾವನ್ನು ವರದಿ ಮಾಡುತ್ತಿದ್ದವರು ಊರಿನ ಚೌಕೀದಾರರು ಅಥವಾ ಮುಖ್ಯಸ್ಥರು. ಅವರು ವೈದ್ಯರಲ್ಲ. ಮಲೇರಿಯಾ, ವಿಷಮಶೀತ, ಇನ್‌ಫ್ಲುಯೆನ್ಜಾ ಎಲ್ಲವೂ 'ಜ್ವರ' ಎಂಬ ಒಂದೇ ಕಲಮಿನಡಿ ಸೇರುತ್ತಿದ್ದವು. ಆದ್ದರಿಂದ ಇನ್‌ಫ್ಲುಯೆನ್ಜಾದಿಂದ ಸತ್ತವರನ್ನು ಬೇರೆಯಾಗಿ ಎಣಿಸುವುದು ಸಾಧ್ಯವಿರಲಿಲ್ಲ. ಉಳಿದ ದಾರಿ ಒಂದೇ: ಆ ತಿಂಗಳುಗಳಲ್ಲಿ ಸತ್ತವರ ಒಟ್ಟು ಸಂಖ್ಯೆಯಿಂದ, ರೋಗ ಬಾರದೇ ಇದ್ದಿದ್ದರೂ ಸಾಯುತ್ತಿದ್ದವರ ಸಂಖ್ಯೆಯನ್ನು ಕಳೆಯುವುದು. ಉಳಿದದ್ದೇ ಹೆಚ್ಚುವರಿ ಸಾವು.

'ಸಾಯುತ್ತಿದ್ದವರು' ಎಷ್ಟೆಂದು ತಿಳಿಯಲು ಸಾಮಾನ್ಯವಾಗಿ ಹಿಂದಿನ ಐದು ವರ್ಷಗಳ ಸರಾಸರಿ ಹಿಡಿಯುತ್ತಾರೆ. ಒಂದು ಕಾಲ್ಪನಿಕ ಜಿಲ್ಲೆಯನ್ನು ತೆಗೆದುಕೊಳ್ಳೋಣ. ಐದು ವರ್ಷಗಳ ಅಕ್ಟೋಬರ್‌ನಲ್ಲಿ ಸರಾಸರಿ 2,500 ಸಾವು. 1918ರ ಅಕ್ಟೋಬರ್‌ನಲ್ಲಿ 14,000. ಹೆಚ್ಚುವರಿ 11,500. ಜ್ವರದ ಕಾಲಕ್ಕೆ ಯಾವಾಗಲೂ ಸಾವು ಹೆಚ್ಚು. ಆದ್ದರಿಂದ ಅಕ್ಟೋಬರನ್ನು ಅಕ್ಟೋಬರ್ ಜೊತೆಗೇ ಹೋಲಿಸಬೇಕು. ಇನ್ನೊಂದು ಎಚ್ಚರವೂ ಬೇಕು. ಆ ಐದರಲ್ಲಿ ಒಂದು ವರ್ಷ ಪ್ಲೇಗ್ ಬಂದು 3,000 ಜನ ಹೆಚ್ಚಾಗಿ ಸತ್ತಿದ್ದರೆ ಸರಾಸರಿ 3,100ಕ್ಕೆ ಏರುತ್ತದೆ. ಆಗ 1918ರ 600 ಸಾವುಗಳು ಕಾಗದದ ಮೇಲೆಯೇ ಮಾಯವಾಗುತ್ತವೆ! ಪ್ಲೇಗ್ ಪದೇ ಪದೇ ಬರುತ್ತಿದ್ದ ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಭಾರತ ಸರಕಾರದ ಸ್ಯಾನಿಟರಿ ಕಮಿಷನರ್ ನಾರ್ಮನ್ ವೈಟ್ 1919ರ ವರದಿಯಲ್ಲಿ ಹೇಳಿದ್ದು ಸುಮಾರು 60 ಲಕ್ಷ. ಆದರೆ ಸಾವು ಬರೆಯಬೇಕಾದವರೇ ಹಾಸಿಗೆ ಹಿಡಿದಿದ್ದರು, ಕೆಲವರು ತೀರಿಯೂ ಹೋಗಿದ್ದರು. ರೋಗ ಎಲ್ಲಿ ತೀವ್ರವೋ ಅಲ್ಲಿಯೇ ದಾಖಲೆ ಹೆಚ್ಚು ಅಪೂರ್ಣವಾಯಿತು.

ಆದ್ದರಿಂದ ನಂತರದವರು ಜನಗಣತಿಯ ಮೊರೆಹೋದರು. 1911ರ ಜನಸಂಖ್ಯೆ ಎಂದಿನ ಗತಿಯಲ್ಲಿ ಬೆಳೆದಿದ್ದರೆ 1921ಕ್ಕೆ ಎಷ್ಟಾಗಬೇಕಿತ್ತು, ನಿಜಕ್ಕೂ ಎಷ್ಟಾಯಿತು ಎಂದು ನೋಡಿದರು. ಇಂದಿನ ಭಾರತದ ಗಡಿಯೊಳಗೆ ಆ ದಶಕದಲ್ಲಿ ಜನಸಂಖ್ಯೆ 25.2 ಕೋಟಿಯಿಂದ 25.1 ಕೋಟಿಗೆ ಇಳಿದಿತ್ತು. ಜನಸಂಖ್ಯಾ ತಜ್ಞ ಕಿಂಗ್ಸ್ಲಿ ಡೇವಿಸ್ 1951ರಲ್ಲಿ 1 ಕೋಟಿ 85 ಲಕ್ಷ ಸಾವು ಎಂದು ಅಂದಾಜಿಸಿದರು. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜಿಲ್ಲಾವಾರು ಜನಗಣತಿಯನ್ನು ಹಿಡಿದು, ಬ್ರಿಟಿಷರ ನೇರ ಆಡಳಿತದ ಪ್ರಾಂತ್ಯಗಳಿಗೆ ಮಾತ್ರ ಸುಮಾರು 1 ಕೋಟಿ 39 ಲಕ್ಷ ಎಂದಿತು. ವ್ಯಾಪ್ತಿ ಬೇರೆಯಾದ್ದರಿಂದ ಇವೆರಡನ್ನು ನೇರವಾಗಿ ಪಕ್ಕಪಕ್ಕ ಇಡಲಾಗದು.

ಜನಗಣತಿಯ ದಾರಿಗೂ ತನ್ನದೇ ಬಲೆ ಇದೆ. ಆ ರೋಗ ಹರೆಯದವರನ್ನು, ಅದರಲ್ಲೂ ಹೆಂಗಸರನ್ನು ಹೆಚ್ಚಾಗಿ ಬಲಿ ತೆಗೆದುಕೊಂಡಿತು; ಮರುವರ್ಷ ಹೆರಿಗೆಗಳೂ ಕಡಿಮೆಯಾದವು. 1921ರಲ್ಲಿ ಕಾಣೆಯಾದವರ ಪಟ್ಟಿಯಲ್ಲಿ ಸತ್ತವರ ಜೊತೆಗೆ ಹುಟ್ಟದೇ ಹೋದ ಮಕ್ಕಳೂ ಸೇರಿದ್ದಾರೆ. ಅವರನ್ನು ಬೇರ್ಪಡಿಸದಿದ್ದರೆ ಸಾವಿನ ಅಂದಾಜು ಉಬ್ಬುತ್ತದೆ.