ಸಮತಟ್ಟು ಚಾವಣಿಯ ಶಾಖನಿರೋಧಕಗಳು: ಪಾಲಿಐಸೋಸಯನುರೇಟ್ ಮತ್ತು ಮಿನರಲ್ ವೂಲ್

ಸಮತಟ್ಟು ಚಾವಣಿಯ ಭಾರ ಹೊರುವ ಡೆಕ್ಕಿನ ಮೇಲೆ, ನೀರು ತಡೆಯುವ ಪೊರೆಯ ಕೆಳಗೆ ಹಾಸುವ ಎರಡು ಬಗೆಯ ಶಾಖನಿರೋಧಕ ಬೋರ್ಡುಗಳಿವು. ಉತ್ತರ ಅಮೆರಿಕದ ಗೋದಾಮು, ಶಾಲೆ, ಮಳಿಗೆಗಳ ಉಕ್ಕಿನ ತಗಡಿನ ಡೆಕ್ಕುಗಳ ಮೇಲೆ ಪಾಲಿಐಸೋಸಯನುರೇಟ್ ಬಹಳ ಬಳಕೆಯಲ್ಲಿದೆ. ಕಟ್ಟಡ ಕೆಲಸದವರು ಅದನ್ನು ‘ಪಾಲಿಐಸೋ’ ಎನ್ನುತ್ತಾರೆ. ಬಸಾಲ್ಟಿನಂಥ ಕಲ್ಲನ್ನು ಕರಗಿಸಿ ಎಳೆ ತೆಗೆದು ಒತ್ತಿದ ಬೋರ್ಡು ಮಿನರಲ್ ವೂಲ್.

ಪಾಲಿಐಸೋ ನೊರೆಯ ಮುಚ್ಚಿದ ಕೋಶಗಳಲ್ಲಿ ಸಾಮಾನ್ಯವಾಗಿ ಪೆಂಟೇನ್ ಅನಿಲ ತುಂಬಿರುತ್ತದೆ. ಗಾಳಿಗಿಂತ ಕಡಿಮೆ ಶಾಖ ಹಾಯಿಸುವ ಈ ಅನಿಲವೇ ಅದರ ಬಲ. ಪಾಲಿಐಸೋದ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 0.025 ವ್ಯಾಟ್, ಎಳೆಗಳ ನಡುವೆ ಬರೀ ಗಾಳಿ ಹಿಡಿದಿಟ್ಟುಕೊಳ್ಳುವ ಮಿನರಲ್ ವೂಲ್‌ನದು ಸುಮಾರು 0.038. ವ್ಯಾಟ್‌ಗೆ 5.3 ಚದರ ಮೀಟರ್-ಕೆಲ್ವಿನ್‌ನಷ್ಟು ಉಷ್ಣರೋಧ ಬೇಕಾದ ಚಾವಣಿಗೆ ಪಾಲಿಐಸೋ 135 ಮಿಲಿಮೀಟರ್ ಸಾಕು, ಮಿನರಲ್ ವೂಲ್ 200 ಬೇಕು. ಸಾವಿರ ಚದರ ಮೀಟರ್ ಚಾವಣಿಯ ಮೇಲೆ ಮೊದಲನೆಯದರ ತೂಕ ನಾಲ್ಕು ಟನ್ನಿನ ಆಸುಪಾಸು. ಎರಡನೆಯದು ಮೂವತ್ತು ಟನ್ ದಾಟಬಹುದು. ಈ ತೂಕವನ್ನು ಕ್ರೇನಿನಲ್ಲಿ ಎತ್ತಬೇಕು, ಹಳೆಯ ಕಟ್ಟಡವಾದರೆ ತೊಲೆಗಳ ಲೆಕ್ಕವನ್ನೂ ಮತ್ತೆ ನೋಡಬೇಕು.

ಇಷ್ಟಕ್ಕೇ ನಿಂತರೆ ತೀರ್ಪು ತಪ್ಪುತ್ತದೆ. ಅಮೆರಿಕದಲ್ಲಿ ಪಾಲಿಐಸೋಗೆ ಘೋಷಿಸುವ ಅಂಕಿಯನ್ನು ಸರಾಸರಿ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆಯಲಾಗುತ್ತದೆ. ಶಿಕಾಗೋದ ಜನವರಿ ಚಾವಣಿ ಆ ಉಷ್ಣತೆಯಲ್ಲಿ ಇರುವುದೇ ಇಲ್ಲ. ಬೋರ್ಡು ತಣ್ಣಗಾದಂತೆ ಪೆಂಟೇನ್ ಕೋಶಗಳೊಳಗೇ ದ್ರವವಾಗತೊಡಗಿ ಪಾಲಿಐಸೋದ ನಿರೋಧ ಕುಗ್ಗುತ್ತದೆ. ಮಿನರಲ್ ವೂಲ್‌ನಲ್ಲಿ ಇರುವುದು ಗಾಳಿ ಮಾತ್ರ, ಹಾಗಾಗಿ ಚಳಿಯಲ್ಲಿ ಅದು ಕೊಂಚ ಸುಧಾರಿಸುತ್ತದೆ. ಉಷ್ಣತೆ 10 ಡಿಗ್ರಿಗಿಂತ ಇಳಿಯುವುದು ಅಪರೂಪವಾದ ಬೆಂಗಳೂರಿನಲ್ಲಿ ಈ ಚಿಂತೆ ಇಲ್ಲ. ಶೀತ ಪ್ರದೇಶಗಳಲ್ಲಿ ಇದೇ ಮುಖ್ಯ ಪ್ರಶ್ನೆ.

ಉತ್ತರವೂ ಸರಳ: ಎರಡನ್ನೂ ಹಾಸುವುದು, ಪಾಲಿಐಸೋ ಕೆಳಗೆ, ಮಿನರಲ್ ವೂಲ್ ಮೇಲೆ. ಒಳಗೆ 21 ಡಿಗ್ರಿ, ಹೊರಗೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರುವ ರಾತ್ರಿಯನ್ನು ತೆಗೆದುಕೊಳ್ಳೋಣ. ಪೂರ್ತಿ ಪಾಲಿಐಸೋ ಆದರೆ ಅದರ ಸರಾಸರಿ ಉಷ್ಣತೆ ಒಂದೂವರೆ ಡಿಗ್ರಿ. ಅದರ ಬದಲು 90 ಮಿಲಿಮೀಟರ್ ಪಾಲಿಐಸೋ, ಮೇಲೆ 70 ಮಿಲಿಮೀಟರ್ ಮಿನರಲ್ ವೂಲ್ ಹಾಸಿದರೆ ಘೋಷಿತ ಉಷ್ಣರೋಧ ಸುಮಾರು 5.4 ಆಗುತ್ತದೆ. ಒಟ್ಟು ಇಳಿತದ ಮೂರರಲ್ಲಿ ಎರಡು ಪಾಲು ಪಾಲಿಐಸೋದಲ್ಲಿ ಆಗುವುದರಿಂದ ಎರಡು ಪದರಗಳು ಕೂಡುವಲ್ಲಿ ಸೊನ್ನೆಗಿಂತ 5 ಡಿಗ್ರಿ ಕೆಳಗಿರುತ್ತದೆ, ಪಾಲಿಐಸೋದ ಸರಾಸರಿ 8 ಡಿಗ್ರಿಗೆ ಏರುತ್ತದೆ. ದಪ್ಪ 25 ಮಿಲಿಮೀಟರ್ ಮಾತ್ರ ಹೆಚ್ಚಿತು, ನೊರೆ ತನಗೆ ಒಗ್ಗುವ ಉಷ್ಣತೆಯ ಹತ್ತಿರ ಬಂತು. ಬೇಸಿಗೆಯಲ್ಲಿ ಕಪ್ಪು ಪೊರೆ 70 ಡಿಗ್ರಿ ಮುಟ್ಟುವಾಗಲೂ ಅದೇ ಉಣ್ಣೆ ನೊರೆಗೆ ನೆರಳಾಗುತ್ತದೆ. ಶೀತ ಪ್ರದೇಶದ ಹೊಸ ಚಾವಣಿಗೆ ಒಂದೇ ವಸ್ತುವನ್ನು ಆರಿಸುವುದಕ್ಕಿಂತ ಈ ಜೋಡಣೆಯೇ ಉತ್ತಮ.

ಬೆಂಕಿಯ ವಿಷಯ ಬೇರೆ. 1953ರ ಆಗಸ್ಟ್ 12ರಂದು ಮಿಶಿಗನ್ನಿನ ಲಿವೋನಿಯಾದಲ್ಲಿ ಜನರಲ್ ಮೋಟರ್ಸ್‌ನ ಗೇರುಪೆಟ್ಟಿಗೆ ಕಾರ್ಖಾನೆ ಸುಟ್ಟುಹೋದಾಗ, ಉಕ್ಕಿನ ಡೆಕ್ಕಿನ ಮೇಲಿದ್ದ ಡಾಂಬರು ಕರಗಿ ತಗಡಿನ ಸಂದುಗಳಿಂದ ಕೆಳಗೆ ಸುರಿದು ಬೆಂಕಿಯನ್ನು ಹಬ್ಬಿಸಿತು. ಡೆಕ್ಕಿನ ಮೇಲಿರುವುದೂ ಕೆಳಗಿನ ಬೆಂಕಿಗೆ ಇಂಧನವಾಗಬಲ್ಲದೆಂಬ ಎಚ್ಚರ ಅಲ್ಲಿಂದ ಗಟ್ಟಿಯಾಯಿತು. ಪಾಲಿಐಸೋ ಕರಗಿ ತೊಟ್ಟಿಕ್ಕುವುದಿಲ್ಲ, ಮೇಲ್ಮೈ ಕರಿಕಾಗಿ ಒಳಗನ್ನು ಸ್ವಲ್ಪ ಕಾಯುತ್ತದೆ; ಆದರೂ ಅದು ಉರಿಯುವ ವಸ್ತು. ಮಿನರಲ್ ವೂಲ್ ಉರಿಯುವುದಿಲ್ಲ, ಅದರ ಎಳೆಗಳು 1000 ಡಿಗ್ರಿ ದಾಟಿದ ಮೇಲಷ್ಟೇ ಕರಗುತ್ತವೆ.

ಒತ್ತಡ ತಾಳುವುದರಲ್ಲಿ ಮೇಲುಗೈ ಪಾಲಿಐಸೋದು. ಅದರ ಸಾಮಾನ್ಯ ಬೋರ್ಡು 138 ಕಿಲೋಪ್ಯಾಸ್ಕಲ್ ತಡೆಯುತ್ತದೆ. ಮಿನರಲ್ ವೂಲ್ ಬೋರ್ಡುಗಳು ಸಾಮಾನ್ಯವಾಗಿ ಅದರ ಅರ್ಧವನ್ನೂ ಮುಟ್ಟುವುದಿಲ್ಲ. ಯಂತ್ರ, ಸೌರಫಲಕಗಳ ದುರಸ್ತಿಗೆ ಜನ ಓಡಾಡುವ ದಾರಿಯಲ್ಲಿ ಉಣ್ಣೆಯ ಎಳೆಗಳ ಅಂಟು ಬಿಟ್ಟು ಮೇಲ್ಭಾಗ ಮೆತ್ತಗಾಗುತ್ತದೆ, ಪೊರೆ ಕೆಳಗೆ ಜಗ್ಗುತ್ತದೆ. ಆದ್ದರಿಂದ ಮೇಲ್ಭಾಗ ಹೆಚ್ಚು ಸಾಂದ್ರವಾಗಿರುವ ಬೋರ್ಡು ಆರಿಸಿ, ಅದರ ಮೇಲೆ ಗಟ್ಟಿ ಹೊದಿಕೆ ಹಲಗೆ ಕೂರಿಸುವುದು ಅಗತ್ಯ. ಪಾಲಿಐಸೋದ ದೋಷ ಕುಗ್ಗುವುದು, ಅಂಚು ಸೊಟ್ಟಗಾಗುವುದು. ಒಂದೇ ಪದರ ಹಾಸಿದರೆ ಸಂದುಗಳು ತೆರೆದುಕೊಂಡು ಶಾಖ ಸೋರುತ್ತದೆ. ಎರಡು ಪದರ ಮಾಡಿ, ಮೇಲಿನ ಸಂದು ಕೆಳಗಿನದರ ಮೇಲೆ ಬಾರದಂತೆ ಸರಿಸಿ ಹಾಸಬೇಕು.

ಚಳಿಗಾಲದಲ್ಲಿ ಒಳಗಿನ ತೇವದ ಗಾಳಿ ಮೇಲೇರಿ ಪೊರೆಯ ಅಡಿಯಲ್ಲಿ ನೀರಾಗುತ್ತದೆ. ಮಿನರಲ್ ವೂಲ್ ಆವಿಯನ್ನು ಸಲೀಸಾಗಿ ಬಿಡುವುದರಿಂದ ಪೂರ್ತಿ ಉಣ್ಣೆಯ ಚಾವಣಿಯಲ್ಲಿ ಡೆಕ್ಕಿನ ಮೇಲೆ ಗಾಳಿಯನ್ನೂ ಆವಿಯನ್ನೂ ತಡೆಯುವ ಪದರ ಬಿಟ್ಟುಹೋಗಿದ್ದರೆ ಹಾನಿ ಬೇಗ ಆಗುತ್ತದೆ. ನೆನೆದ ಜಾಗವನ್ನು ಒಣ ಹವೆಯ ದಿನ ಸೂರ್ಯ ಮುಳುಗಿದ ಬಳಿಕ ಉಷ್ಣ ಕ್ಯಾಮೆರಾದಿಂದ ಗುರುತಿಸಬಹುದು: ಒದ್ದೆ ಬೋರ್ಡು ಹಗಲಿನ ಶಾಖವನ್ನು ಹೆಚ್ಚು ಹೊತ್ತು ಹಿಡಿದಿಟ್ಟುಕೊಂಡು ಸುತ್ತಲಿಗಿಂತ ಬೆಚ್ಚಗೆ ಕಾಣುತ್ತದೆ. ಅಲ್ಲಿ ಪೊರೆ ಕೊಯ್ದು ತುಣುಕು ತೆಗೆದು ತೂಕ ನೋಡಿ ಖಚಿತಪಡಿಸಿಕೊಂಡ ಮೇಲೆ ನೆನೆದ ಬೋರ್ಡನ್ನು ಬದಲಾಯಿಸುತ್ತಾರೆ.