ಆಭರಣ ಮಳಿಗೆಗಳ ಮಾಸಿಕ ಚಿನ್ನದ ಉಳಿತಾಯ ಯೋಜನೆಗಳು

ಆಭರಣ ವ್ಯಾಪಾರಿಗಳು ಗ್ರಾಹಕರಿಂದ ಪ್ರತಿ ತಿಂಗಳೂ ನಿಗದಿತ ಮೊತ್ತದ ಕಂತನ್ನು ಪಡೆದು, ಸಾಮಾನ್ಯವಾಗಿ ಹತ್ತು ಇಲ್ಲವೆ ಹನ್ನೊಂದು ಕಂತುಗಳ ಅನಂತರ, ಕೂಡಿದ ಹಣಕ್ಕೆ ತಮ್ಮದೇ ಮಳಿಗೆಯಲ್ಲಿ ಒಡವೆ ಕೊಳ್ಳುವ ಅವಕಾಶವನ್ನೂ ಅದರೊಡನೆ ಒಂದು ರಿಯಾಯಿತಿಯನ್ನೂ ಕೊಡುವ ವ್ಯವಸ್ಥೆಗೆ ಮಾಸಿಕ ಚಿನ್ನದ ಉಳಿತಾಯ ಯೋಜನೆ ಎನ್ನಲಾಗುತ್ತದೆ. ಕರ್ನಾಟಕದಲ್ಲಿ ಜನರು ಇದನ್ನು ಚಿನ್ನದ ಚೀಟಿ, ಚಿನ್ನದ ಸ್ಕೀಮ್ ಎಂದು ಕರೆಯುತ್ತಾರೆ. ಉಳಿತಾಯವೆಂಬ ಹೆಸರಿದ್ದರೂ ಕಾನೂನಿನ ಕಣ್ಣಿನಲ್ಲಿ ಇದು ಠೇವಣಿಯಲ್ಲ. ಮುಂದೆ ಕೊಳ್ಳಲಿರುವ ಸರಕಿಗೆ ಮೊದಲೇ ಕೊಟ್ಟ ಮುಂಗಡ. ಯೋಜನೆಯ ಅವಧಿ, ಹಣ ಮರಳಿ ಪಡೆಯುವುದಕ್ಕಿರುವ ನಿರ್ಬಂಧ, ಮಳಿಗೆ ಮುಚ್ಚಿದಾಗ ಗ್ರಾಹಕರು ಎದುರಿಸುವ ಕಷ್ಟ ಇವೆಲ್ಲವೂ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಹಿನ್ನೆಲೆ

ದಕ್ಷಿಣ ಭಾರತದ ಚೀಟಿ ವ್ಯವಹಾರ ಈ ಯೋಜನೆಗಳಿಗೆ ಹತ್ತಿರದ ಪೂರ್ವರೂಪವಾಗಿದೆ. ಚೀಟಿಯಲ್ಲಿ ಸದಸ್ಯರು ತಿಂಗಳು ತಿಂಗಳು ಹಾಕಿದ ಹಣ ಸರದಿಯಂತೆ ಸದಸ್ಯರಲ್ಲೇ ಒಬ್ಬರಿಗೆ ಸಿಗುತ್ತದೆ; ಆಭರಣದ ಯೋಜನೆಯಲ್ಲಿ ಅದು ಅವಧಿ ಮುಗಿಯುವವರೆಗೂ ವ್ಯಾಪಾರಿಯ ಬಳಿಯೇ ಉಳಿಯುತ್ತದೆ. 1982ರ ಚಿಟ್ ಫಂಡ್ ಕಾಯಿದೆಯ ಪ್ರಕಾರ ಚೀಟಿಯನ್ನು ನೋಂದಾಯಿಸಬೇಕು, ಚೀಟಿ ನಡೆಸುವವರು ಚೀಟಿಯ ಮೊತ್ತಕ್ಕೆ ಸಮನಾದ ಭದ್ರತೆಯನ್ನು ಒದಗಿಸಬೇಕು. ಆಭರಣದ ಯೋಜನೆಗೆ ಅಂಥ ಭದ್ರತೆಯ ಕಟ್ಟಳೆಯಿಲ್ಲ.

1968ರ ಚಿನ್ನ ನಿಯಂತ್ರಣ ಕಾಯಿದೆ ಜಾರಿಯಲ್ಲಿದ್ದಷ್ಟು ಕಾಲ ಚಿನ್ನದ ವ್ಯಾಪಾರ ಪರವಾನಗಿ ಮತ್ತು ಲೆಕ್ಕಪತ್ರಗಳ ಬಿಗಿ ಹಿಡಿತದಲ್ಲಿತ್ತು. 1990ರಲ್ಲಿ ಆ ಕಾಯಿದೆ ರದ್ದಾದ ಮೇಲೆ ದೊಡ್ಡ ಮಳಿಗೆಗಳೂ ಹಲವು ಊರುಗಳಲ್ಲಿ ಶಾಖೆ ತೆರೆಯುವ ಕಂಪನಿಗಳೂ ಬೆಳೆದವು. ಕಂತು ಕಟ್ಟುವ ಹನ್ನೊಂದು ತಿಂಗಳೂ ಗ್ರಾಹಕರು ತಮ್ಮ ಮಳಿಗೆಯನ್ನು ಬಿಟ್ಟು ಹೋಗದಂತೆ ಮಾಡುವುದಕ್ಕೂ, ಬಡ್ಡಿಯಿಲ್ಲದ ದುಡಿಯುವ ಬಂಡವಾಳವನ್ನು ಪಡೆಯುವುದಕ್ಕೂ ಮಾಸಿಕ ಯೋಜನೆ ಅವರಿಗೆ ಅನುಕೂಲವಾಯಿತು. ಗ್ರಾಹಕರು ಹನ್ನೊಂದು ಕಂತು ಕಟ್ಟಿದರೆ ಹನ್ನೆರಡನೆಯ ಕಂತನ್ನು ಅಂಗಡಿಯೇ ಹಾಕುವ ಪದ್ಧತಿ ಬಹಳ ಹೆಸರಾಯಿತು. ಕೆಲವೆಡೆ ಲಾಟರಿ ಎತ್ತಿ, ಹೆಸರು ಬಂದವರು ಉಳಿದ ಕಂತು ಕಟ್ಟಬೇಕಿಲ್ಲವೆಂದು ಬಿಡುವ ರೂಢಿಯೂ ಇತ್ತು. ಕಂತು ಸಂಗ್ರಹಿಸಿ ಅದೃಷ್ಟದ ಮೇಲೆ ಬಹುಮಾನ ಹಂಚುವ ಇಂಥ ವ್ಯವಹಾರಗಳು 1978ರ ಪ್ರೈಜ್ ಚಿಟ್ ನಿಷೇಧ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ.

2014ರ ತಿರುವು

2013ರ ಕಂಪನಿ ಕಾಯಿದೆ ಮತ್ತು ಅದರಡಿ 2014ರ ಏಪ್ರಿಲ್ 1ರಿಂದ ಜಾರಿಗೆ ಬಂದ ಠೇವಣಿ ನಿಯಮಗಳು ಈ ಯೋಜನೆಗಳ ರೂಪವನ್ನೇ ಬದಲಿಸಿದವು. ಸರಕು ಪೂರೈಸಲೆಂದು ಕಂಪನಿ ಪಡೆದ ಮುಂಗಡವು 365 ದಿನಗಳೊಳಗೆ ಆ ಸರಕಿನ ಲೆಕ್ಕಕ್ಕೆ ಜಮೆಯಾದರೆ ಮಾತ್ರ ಠೇವಣಿಯೆನಿಸಿಕೊಳ್ಳುವುದಿಲ್ಲ ಎಂದು ಈ ನಿಯಮಗಳು ಹೇಳಿದವು. ಠೇವಣಿಯೆನಿಸಿಕೊಂಡರೆ, ಯಾವ ಕಂಪನಿ ಎಷ್ಟು ಸಂಗ್ರಹಿಸಬಹುದು, ಎಷ್ಟು ಬಡ್ಡಿ ಕೊಡಬಹುದು ಎಂಬ ಮಿತಿಗಳೆಲ್ಲ ಅನ್ವಯಿಸುತ್ತವೆ. ಆಗ ಬಡ್ಡಿಯ ಮೇಲ್ಮಿತಿ ವರ್ಷಕ್ಕೆ ಶೇ. 12.5 ಆಗಿತ್ತು. ಹನ್ನೊಂದು ಕಂತಿಗೆ ಒಂದು ಕಂತನ್ನು ಉಚಿತವಾಗಿ ಕೊಡುವುದು ಈ ಮಿತಿಯನ್ನು ಮೀರುತ್ತಿತ್ತು. ಮೊದಲ ಕಂತಿನ ಹಣ ಹನ್ನೆರಡು ತಿಂಗಳು ಅಂಗಡಿಯಲ್ಲಿದ್ದರೆ ಕೊನೆಯದು ಎರಡೇ ತಿಂಗಳು ಇರುತ್ತದೆ. ಸರಾಸರಿ ಏಳು ತಿಂಗಳಿಗೆ ಶೇ. 9ರಷ್ಟು ಎಂದರೆ ವರ್ಷಕ್ಕೆ ಸುಮಾರು ಶೇ. 15.6 ಆಗುತ್ತದೆ.

ಹೀಗಾಗಿ ಟೈಟನ್ ಕಂಪನಿಯ ತನಿಷ್ಕ್ ಮಳಿಗೆಗಳು ತಮ್ಮ ಗೋಲ್ಡನ್ ಹಾರ್ವೆಸ್ಟ್ ಯೋಜನೆಯನ್ನು 2014ರಲ್ಲಿ ನಿಲ್ಲಿಸಿ, ಅನಂತರ ಮಾರ್ಪಡಿಸಿದ ರೂಪದಲ್ಲಿ ಮತ್ತೆ ಆರಂಭಿಸಿದವು. ಇತರ ಕಂಪನಿಗಳ ಯೋಜನೆಗಳೂ ಒಂದು ವರ್ಷದೊಳಗೆ ಮುಗಿಯುವಂತೆ ಕುಗ್ಗಿದವು. ಉಚಿತ ಕಂತಿನ ಜಾಗಕ್ಕೆ ಕೊಳ್ಳುವಾಗ ಮಾತ್ರ ಸಿಗುವ ರಿಯಾಯಿತಿ ಬಂತು. ಕಂಪನಿಯಲ್ಲದ ಒಡೆತನದ ಅಂಗಡಿಗಳನ್ನೂ ಪಾಲುದಾರಿಕೆ ಸಂಸ್ಥೆಗಳನ್ನೂ 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯಿದೆ ಒಳಗೊಂಡಿತು. ಈ ಕಾಯಿದೆಯೂ ವ್ಯಾಪಾರಕ್ಕೆ ನಿಜವಾದ ಸಂಬಂಧವಿರುವ, ಸರಕು ಪೂರೈಸದಿದ್ದರೆ ಹಿಂದಿರುಗಿಸಬೇಕಾದ ಮುಂಗಡವನ್ನು ಠೇವಣಿಯ ವ್ಯಾಖ್ಯೆಯಿಂದ ಹೊರಗಿಡುತ್ತದೆ.

ಎರಡು ಬಗೆ

ಯೋಜನೆಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಕಂತುಗಳು ರೂಪಾಯಿಯಾಗಿಯೇ ಕೂಡಿ, ಕೊಳ್ಳುವ ದಿನದ ದರದಲ್ಲಿ ಒಡವೆಯಾಗುತ್ತವೆ. ಎರಡನೆಯದರಲ್ಲಿ ಪ್ರತಿ ಕಂತೂ ಅಂದಿನ ದರದಲ್ಲಿ ಗ್ರಾಂ ಲೆಕ್ಕಕ್ಕೆ ಬದಲಾಗಿ, ಅವಧಿ ಮುಗಿದಾಗ ಗ್ರಾಹಕರ ಹೆಸರಿನಲ್ಲಿ ಒಂದು ತೂಕ ನಿಂತಿರುತ್ತದೆ.

ತಿಂಗಳಿಗೆ 5,000 ರೂಪಾಯಿಯಂತೆ ಹನ್ನೊಂದು ಕಂತು, ಅಂದರೆ 55,000 ರೂಪಾಯಿ ಕಟ್ಟಿದ ಒಂದು ಕುಟುಂಬವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅವಧಿಯ ಆರಂಭದಲ್ಲಿ 22 ಕ್ಯಾರೆಟ್ ಚಿನ್ನ ಗ್ರಾಂಗೆ 8,000 ರೂಪಾಯಿ ಇದ್ದು, ತಿಂಗಳಿಗೆ 200 ರೂಪಾಯಿಯಂತೆ ಏರಿ ಹನ್ನೊಂದನೆಯ ತಿಂಗಳಿಗೆ 10,000 ಆಯಿತೆಂದು ಭಾವಿಸಿ, ಅದೇ ದರದಲ್ಲಿ ಒಡವೆ ಕೊಂಡರೆಂದು ಎಣಿಸಿದರೆ, ಹಣದ ಲೆಕ್ಕದ ಯೋಜನೆಯಲ್ಲಿ 5.5 ಗ್ರಾಂ ಚಿನ್ನಕ್ಕಾಗುವಷ್ಟು ಹಣವಿರುತ್ತದೆ. ತೂಕದ ಯೋಜನೆಯಲ್ಲಿ ಸುಮಾರು 6.14 ಗ್ರಾಂ ಜಮೆಯಾಗಿರುತ್ತದೆ. ಹಣದ ಯೋಜನೆಯಲ್ಲಿ ಒಂದು ಕಂತಿನಷ್ಟು ಬೋನಸ್ ಸಿಕ್ಕರೂ ಅದು 6 ಗ್ರಾಂ ಮುಟ್ಟುತ್ತದೆಯೇ ಹೊರತು ತೂಕದ ಯೋಜನೆಯನ್ನು ದಾಟುವುದಿಲ್ಲ. ದರ ಇದೇ ಪ್ರಮಾಣದಲ್ಲಿ 10,000ದಿಂದ 8,000ಕ್ಕೆ ಇಳಿದರೆ ಲೆಕ್ಕ ತಿರುಗುತ್ತದೆ: ತೂಕದ ಯೋಜನೆಯಲ್ಲಿ ಅದೇ 6.14 ಗ್ರಾಂ ಇದ್ದರೆ, ಹಣದ ಯೋಜನೆಯಲ್ಲಿ ಬೋನಸ್ ಇಲ್ಲದೆಯೂ 6.87 ಗ್ರಾಂಗಿಂತ ಹೆಚ್ಚು ಸಿಗುತ್ತದೆ. ದರ ಏರಿದಾಗ ತೂಕದ ಯೋಜನೆ, ಇಳಿದಾಗ ಹಣದ ಯೋಜನೆ ಗ್ರಾಹಕರ ಪರವಾಗಿರುತ್ತದೆ.

ಮಜೂರಿಯಲ್ಲಿ ಕರಗುವ ಲಾಭ

ಒಡವೆಯ ಬೆಲೆಯಲ್ಲಿ ಚಿನ್ನದ ಬೆಲೆಯ ಜೊತೆಗೆ ಮಾಡುವ ಮಜೂರಿ ಮತ್ತು ವೇಸ್ಟೇಜ್ ಸೇರುತ್ತವೆ. ವೇಸ್ಟೇಜ್ ಎಂದರೆ ಒಡವೆ ಮಾಡುವಾಗ ನಷ್ಟವಾಗುವ ಚಿನ್ನಕ್ಕೆಂದು ಹಾಕುವ ಮೊತ್ತ. ಈಗ ಅನೇಕ ಮಳಿಗೆಗಳು ಇವೆರಡನ್ನೂ ಸೇರಿಸಿ ಚಿನ್ನದ ಬೆಲೆಯ ಮೇಲೆ ಒಂದೇ ಶೇಕಡಾವಾರು ಮೊತ್ತವಾಗಿ ಹಾಕುತ್ತವೆ. ಇದಕ್ಕೆ ಕಾನೂನಿನ ಮೇಲ್ಮಿತಿಯಿಲ್ಲ. ಅದು ಅಂಗಡಿಯಿಂದ ಅಂಗಡಿಗೆ, ವಿನ್ಯಾಸದಿಂದ ವಿನ್ಯಾಸಕ್ಕೆ ಬದಲಾಗುತ್ತದೆ. ಯೋಜನೆಗೆ ಸೇರುವ ದಿನ ಕಂತು ಮತ್ತು ಬೋನಸ್ ಬರಹದಲ್ಲಿರುತ್ತವೆ, ಆದರೆ ಹನ್ನೊಂದು ತಿಂಗಳ ಅನಂತರ ಮಜೂರಿ ಎಷ್ಟಿರುತ್ತದೆ ಎಂಬುದು ಸಾಮಾನ್ಯವಾಗಿ ಬರಹದಲ್ಲಿರುವುದಿಲ್ಲ. ಯೋಜನೆಯ ಅತಿ ಮುಖ್ಯವಾದ ಮರೆಯ ಷರತ್ತು ಇದೇ.

ಮೇಲಿನ ಕುಟುಂಬಕ್ಕೆ 5,000 ರೂಪಾಯಿ ಬೋನಸ್ ಸೇರಿ 60,000 ರೂಪಾಯಿಯ ಒಡವೆ ಕೊಳ್ಳುವ ಅವಕಾಶ ಸಿಕ್ಕಿದೆ ಎಂದುಕೊಂಡರೆ, ಮಜೂರಿ ಶೇ. 18 ಇರುವ ಸರವನ್ನು ಆರಿಸಿದಾಗ, ತೆರಿಗೆಯನ್ನು ಬಿಟ್ಟು, ಗ್ರಾಂಗೆ 11,800 ರೂಪಾಯಿ ಬಿದ್ದು ಸುಮಾರು 5.08 ಗ್ರಾಂ ಒಡವೆ ಬರುತ್ತದೆ. ಯಾವ ಯೋಜನೆಯನ್ನೂ ಸೇರದೆ ಅದೇ 55,000 ರೂಪಾಯಿಯನ್ನು ಮನೆಯಲ್ಲಿಟ್ಟುಕೊಂಡು, ಮಜೂರಿ ಶೇ. 8 ಇರುವ ಬೇರೆ ಅಂಗಡಿಯಲ್ಲಿ ಕೊಂಡವರಿಗೆ ಗ್ರಾಂಗೆ 10,800ರಂತೆ ಸುಮಾರು 5.09 ಗ್ರಾಂ ಸಿಗುತ್ತದೆ. ಮಜೂರಿಯಲ್ಲಿ ಹತ್ತು ಶೇಕಡಾ ವ್ಯತ್ಯಾಸವಿದ್ದರೆ ಇಡೀ ಬೋನಸ್ ಅಲ್ಲಿಗೆ ಸರಿಹೋಗುತ್ತದೆ. ಇದರ ಮೇಲೆ ಬೀಳುವ ಶೇ. 3 ಜಿಎಸ್‌ಟಿಯನ್ನು ಎರಡೂ ಕಡೆ ಗ್ರಾಹಕರೇ ಕೊಡಬೇಕಾಗುತ್ತದೆ.

ತೂಕದ ಯೋಜನೆಗಳಲ್ಲಿ ಬೋನಸ್ಸಿನ ಬದಲು ಮಜೂರಿ ಮನ್ನಾ ಸಿಗುವುದುಂಟು, ಆದರೆ ಅದಕ್ಕೂ ಮಿತಿಯಿರುತ್ತದೆ. ಶೇ. 18ರವರೆಗೆ ಮನ್ನಾ ಎಂದಿದ್ದರೆ ಶೇ. 22ರ ವಿನ್ಯಾಸಕ್ಕೆ ಉಳಿದ ಶೇ. 4ನ್ನು ಕಟ್ಟಬೇಕು. ಆರು ಗ್ರಾಂ ಜಮೆಯಿರುವವರು ಎಂಟು ಗ್ರಾಂನ ಬಳೆ ಕೊಂಡರೆ ಹೆಚ್ಚಿನ ಎರಡು ಗ್ರಾಂಗೆ ಅಂದಿನ ದರವೂ ಪೂರ್ಣ ಮಜೂರಿಯೂ ಬೀಳುತ್ತವೆ. ಜಮೆಯಾದಷ್ಟೇ ತೂಕದ ಒಡವೆ ಸಿಗುವುದು ಅಪರೂಪವಾದ್ದರಿಂದ, ಹೆಚ್ಚಿನವರು ಕೈಯಿಂದ ಹಣ ಸೇರಿಸಿಯೇ ಕೊಳ್ಳುತ್ತಾರೆ.

ಇತರ ಷರತ್ತುಗಳು

ಅನೇಕ ಯೋಜನೆಗಳು ಚಿನ್ನದ ನಾಣ್ಯಕ್ಕೂ ಗಟ್ಟಿಗೂ ರಿಯಾಯಿತಿ ಕೊಡುವುದಿಲ್ಲ. ಇವುಗಳಲ್ಲಿ ಮಜೂರಿ ಕಡಿಮೆಯಿರುವುದೇ ಅದಕ್ಕೆ ಕಾರಣ. ಒಂದು ಕಂತು ತಪ್ಪಿದರೆ ಅಥವಾ ತಡವಾದರೆ ಬೋನಸ್ ಕಡಿಮೆಯಾಗಬಹುದು ಇಲ್ಲವೆ ಪೂರ್ತಿ ತಪ್ಪಬಹುದು. ಹಬ್ಬದ ರಿಯಾಯಿತಿಯನ್ನು ಯೋಜನೆಯ ರಿಯಾಯಿತಿಯೊಡನೆ ಸೇರಿಸಲು ಬಿಡದಿರುವುದೂ ಸಾಮಾನ್ಯವಾಗಿದೆ. ಮಧ್ಯದಲ್ಲಿ ಬಿಟ್ಟವರಿಗೆ ಕಟ್ಟಿದ ಹಣವಷ್ಟೇ, ಅದೂ ಸೇರುವಾಗ ಕೊಟ್ಟ ಉಡುಗೊರೆಯ ಬೆಲೆಯನ್ನು ಕಳೆದು, ಮರಳುವುದುಂಟು. ಕೆಲವು ಅಂಗಡಿಗಳು ಹಣ ಕೊಡದೆ ಒಡವೆಯನ್ನೇ ಕೊಳ್ಳಬೇಕೆಂದು ಹೇಳುತ್ತವೆ. ಗ್ರಾಹಕರಿಗೆ ತೀರ ಅನ್ಯಾಯವಾಗುವ ಒಪ್ಪಂದದ ಷರತ್ತುಗಳನ್ನು ಪ್ರಶ್ನಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅವಕಾಶ ಕೊಟ್ಟಿದೆ.

ಮಳಿಗೆ ಮುಚ್ಚಿದಾಗ

ಬ್ಯಾಂಕಿನ ಠೇವಣಿಗೆ ಐದು ಲಕ್ಷ ರೂಪಾಯಿಯವರೆಗೆ ಇರುವ ವಿಮೆ ಈ ಯೋಜನೆಗಳಿಗಿಲ್ಲ. ರಿಸರ್ವ್ ಬ್ಯಾಂಕಾಗಲಿ ಸೆಬಿಯಾಗಲಿ ಇವುಗಳ ಮೇಲ್ವಿಚಾರಣೆ ನಡೆಸುವುದಿಲ್ಲ. ತೂಕದ ಯೋಜನೆಯ ಪಾಸ್‌ಬುಕ್ಕಿನಲ್ಲಿ ಬರೆದ ಗ್ರಾಂಗಳಿಗೆ ಸರಿಯಾಗಿ ತಿಜೋರಿಯಲ್ಲಿ ಚಿನ್ನವನ್ನು ಬೇರೆಯಾಗಿ ತೆಗೆದಿಡಬೇಕೆಂಬ ನಿಯಮವೂ ಇಲ್ಲ. ಹೀಗಾಗಿ ವ್ಯಾಪಾರಿ ದಿವಾಳಿಯಾದರೆ ಗ್ರಾಹಕರು ಒತ್ತೆಯಿಲ್ಲದೆ ಸಾಲ ಕೊಟ್ಟವರ ಸಾಲಿನಲ್ಲಿ, ಅಂದರೆ ಆಸ್ತಿಯನ್ನು ಅಡವಿಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕುಗಳ ಹಿಂದೆ ನಿಲ್ಲುತ್ತಾರೆ.

2019ರ ಅಕ್ಟೋಬರಿನಲ್ಲಿ ಮುಂಬಯಿ ಮತ್ತು ಠಾಣೆ ಭಾಗದ ಗುಡ್‌ವಿನ್ ಜ್ಯುವೆಲರ್ಸ್ ಮಳಿಗೆಗಳು ಹಠಾತ್ತನೆ ಮುಚ್ಚಿದಾಗ, ಮಾಸಿಕ ಯೋಜನೆಗೂ ನಿಶ್ಚಿತ ಠೇವಣಿಗೂ ಹಣ ಕಟ್ಟಿದ್ದವರು ಪೊಲೀಸರ ಮೊರೆಹೋದರು. ಡಿಸೆಂಬರಿನಲ್ಲಿ ಒಡೆಯರ ಬಂಧನವಾಯಿತು. 2023ರಲ್ಲಿ ತಿರುಚಿರಾಪಳ್ಳಿಯ ಪ್ರಣವ್ ಜ್ಯುವೆಲರ್ಸ್ ಮಳಿಗೆಗಳು ಮುಚ್ಚಿದ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯ ತನಿಖೆ ನಡೆಸಿತು. ಇಂಥ ಪ್ರಕರಣಗಳಲ್ಲಿ ಕರ್ನಾಟಕದ ಹೂಡಿಕೆದಾರರಿಗೆ 2004ರ ರಾಜ್ಯ ಠೇವಣಿದಾರರ ಹಿತಾಸಕ್ತಿ ಸಂರಕ್ಷಣಾ ಕಾಯಿದೆಯ ದಾರಿಯಿದೆ. ಅದರಡಿ ಸಂಸ್ಥೆಯ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು, ಆದರೆ ಹಣ ಕೈಸೇರಲು ಆಸ್ತಿ ಉಳಿದಿರಬೇಕು.

ಅಪಾಯದ ಗುರುತುಗಳು ಮೊದಲೇ ಕಾಣಿಸಿಕೊಳ್ಳುತ್ತವೆ. ಒಂದು ವರ್ಷಕ್ಕಿಂತ ದೀರ್ಘ ಅವಧಿ, ಖಚಿತ ಬಡ್ಡಿಯ ಭರವಸೆ, ಸದಸ್ಯರನ್ನು ಸೇರಿಸಿದವರಿಗೆ ಕಮಿಷನ್, ಒಡವೆ ಬೇಡವೆಂದರೆ ಹೆಚ್ಚುವರಿ ಸಹಿತ ನಗದು ಕೊಡುವ ಮಾತು, ಇವು ಯೋಜನೆಯು ಮುಂಗಡದ ಗೆರೆ ದಾಟಿ ಠೇವಣಿಯ ಕಡೆಗೆ ಸರಿದಿರುವುದನ್ನು ಸೂಚಿಸುತ್ತವೆ. ಈ ಗುರುತುಗಳಿಲ್ಲದ ಪ್ರಾಮಾಣಿಕ ಯೋಜನೆಯಲ್ಲಿಯೂ ಲಾಭ-ನಷ್ಟ ತೀರ್ಮಾನವಾಗುವುದು ಕೊಳ್ಳುವ ದಿನದ ಮಜೂರಿಯಿಂದ. ಆದ್ದರಿಂದ ಸೇರುವ ಮುನ್ನವೇ ಮಜೂರಿಯ ಮಿತಿ, ಅನ್ವಯಿಸುವ ದರ ಮತ್ತು ಹಣ ಮರಳಿಸುವ ಕ್ರಮ ಈ ಮೂರನ್ನೂ ಲಿಖಿತವಾಗಿ ಪಡೆದ ಗ್ರಾಹಕರಿಗೆ ಮಾತ್ರ, ತಮಗೆ ಸಿಗಲಿರುವ ಬೋನಸ್ಸಿನ ನಿಜವಾದ ಬೆಲೆಯನ್ನು ಮೊದಲೇ ಲೆಕ್ಕಹಾಕಲು ಸಾಧ್ಯವಾಗುತ್ತದೆ.